ಮೊಣಕೈ ಮಡಿಕೆ ನೋಡಿ, ಆಮೇಲೆ ಮಾತಾಡಿ

ದೀಪಾವಳಿ ಮುಗಿದು ಜೋಳದ ಹೊಲಕ್ಕೆ ಚಳಿ ಬಿತ್ತೆಂದರೆ ನಮ್ಮ ಜತ್ತ, ಅಕ್ಕಲಕೋಟ ಕಡೆ ಎಲ್ಲರ ಕಾಲೂ ಬೆಳ್ಳಗಾಗುತ್ತವೆ. ಮೊಣಕಾಲ ಕೆಳಗೆ ಉಗುರಿನಿಂದ ಒಂದು ಗೆರೆ ಎಳೆದು ನೋಡಿ, ಪಾಟಿಯ ಮೇಲೆ ಎಳೆದ ಗೆರೆಯಂತೆ ಕಾಣುತ್ತದೆ. ತುಟಿ ಒಡೆಯುತ್ತದೆ, ಹಿಮ್ಮಡಿ ಸೀಳುತ್ತದೆ. ಇದು ಒಣಗಾಳಿಯ ಕೆಲಸ. ಹೋಳಿ ಹುಣ್ಣಿಮೆಯ ಹೊತ್ತಿಗೆ ಬಹುತೇಕ ಎಲ್ಲರದೂ ಸರಿಯಾಗಿರುತ್ತದೆ.

ಇದಕ್ಕೆ ನಾವೆಲ್ಲ ಎಷ್ಟು ಒಗ್ಗಿದ್ದೇವೆಂದರೆ, ತರಗತಿಯಲ್ಲಿ ಯಾರ ಕಾಲಿನ ಮೇಲಾದರೂ ಹುರುಪೆ ಕಂಡರೆ ಒಂದೇ ಮಾತು ಬರುತ್ತದೆ: "ಥಂಡಿಗೆ ಒಡದಾವ, ಎಣ್ಣಿ ಹಚ್ಚಲೇ." ಮಕ್ಕಳೇ, ಈ ಮಾತು ಹೆಚ್ಚಿನವರಿಗೆ ಸರಿ, ಕೆಲವರಿಗೆ ಪೂರ್ತಿ ತಪ್ಪು ಎಂಬುದು ನನ್ನ ವಾದ. ಒಣಚರ್ಮ ಅಂತ ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಕನಿಷ್ಠ ಮೂರು ಬೇರೆ ಬೇರೆ ಸಂಗತಿಗಳಿವೆ. ಒಂದು, ಋತುವಿನ ಒಣಗುವಿಕೆ. ಎರಡು, ಇಸುಬು, ಅಂದರೆ ಡಾಕ್ಟರರು ಎಕ್ಸಿಮಾ ಎನ್ನುವುದು. ಮೂರನೆಯದರ ಹೆಸರನ್ನು ನಮ್ಮಲ್ಲಿ ಬಹಳ ಜನ ಕೇಳಿಲ್ಲ: ಇಕ್ತಿಯೋಸಿಸ್. ಗ್ರೀಕ್ ಭಾಷೆಯಲ್ಲಿ ಇಕ್ತಿಸ್ ಎಂದರೆ ಮೀನು. ಚರ್ಮ ಮೀನಿನ ಹುರುಪೆಯ ಹಾಗೆ ಕಾಣುತ್ತದೆ, ಅದಕ್ಕೆ ಈ ಹೆಸರು. ಇದರಲ್ಲಿ ಹಲವು ಬಗೆಗಳಿವೆ. ಕೆಲವು ತೀವ್ರವಾದವು ಹುಟ್ಟುವಾಗಲೇ ಕಾಣುತ್ತವೆ. ನಾನಿಲ್ಲಿ ಹೇಳುತ್ತಿರುವುದು ಎಲ್ಲಕ್ಕಿಂತ ಹೆಚ್ಚಾಗಿ ಸಿಗುವ, ಮೆತ್ತನೆಯ ಬಗೆಯ ಬಗ್ಗೆ. ಇಂಗ್ಲೆಂಡಿನ ಶಾಲಾ ಮಕ್ಕಳನ್ನು ಪರೀಕ್ಷಿಸಿದಾಗ ಸುಮಾರು 250 ಮಕ್ಕಳಿಗೆ ಒಬ್ಬರಲ್ಲಿ ಇದು ಕಂಡಿತ್ತು. ನಮ್ಮ ಕಡೆಯ ಲೆಕ್ಕ ಸ್ವಲ್ಪ ಆಚೀಚೆ ಇರಬಹುದು, ಆದರೆ ಐನೂರು ಮಕ್ಕಳ ಶಾಲೆಯಲ್ಲಿ ಒಬ್ಬಿಬ್ಬರು ಇದ್ದರೆ ಆಶ್ಚರ್ಯವಿಲ್ಲ.

ಮೂರನ್ನೂ ಬೇರೆ ಮಾಡಿ ನೋಡಲು ಯಂತ್ರ ಬೇಡ. ಒಂದು ಮನೆಯ ಮೂವರನ್ನು ನಿಮ್ಮ ಮುಂದೆ ನಿಲ್ಲಿಸುತ್ತೇನೆ. ಹೆಸರು ಬೇಡ.

ಅಣ್ಣ ಒಂಬತ್ತನೇ ತರಗತಿ. ಅವನ ಮೊಣಕಾಲ ಕೆಳಗೆ ಚರ್ಮ ಬೇಸಿಗೆಯ ಕೆರೆಯಂಗಳದ ಹಾಗೆ ಚೌಕಚೌಕವಾಗಿ ಸೀಳಿದೆ. ಒಂದೊಂದು ತುಂಡಿನ ನಡುವಿನ ಭಾಗ ಅಂಟಿಕೊಂಡಿದೆ, ಅಂಚು ಮೇಲಕ್ಕೆದ್ದಿದೆ. ಮುಂಗೈಯ ಹೊರಭಾಗದಲ್ಲಿ, ಬೆನ್ನ ಮೇಲೆ ಸಣ್ಣ ಹೊಟ್ಟಿನಂಥ ಹುರುಪೆ. ತೋಳಿನ ಹಿಂಬದಿ ಮುಟ್ಟಿದರೆ ತುರಿಯೋ ಮಣೆಯ ಹಾಗೆ ಸಣ್ಣ ಸಣ್ಣ ಗುಳ್ಳೆ. ತುರಿಕೆ ಹೆಚ್ಚಿಲ್ಲ. ಕೆಂಪಿಲ್ಲ. ಆದರೆ ಕೈ ಚಾಚಿ ಮೊಣಕೈಯ ಒಳಮಡಿಕೆ ತೋರಿಸು ಎಂದರೆ ಅಲ್ಲಿ ಚರ್ಮ ಹಸುಗೂಸಿನದರಂತೆ ನುಣುಪಾಗಿದೆ! ಮೊಣಕಾಲ ಹಿಂದಿನ ಮಡಿಕೆಯಲ್ಲೂ ಹಾಗೇ.

ತಂಗಿ ಆರನೇ ತರಗತಿ. ಅವಳದು ಸರಿಯಾಗಿ ಉಲ್ಟಾ. ಕಾಲಿನ ಮುಂಭಾಗ ಬರೇ ಸ್ವಲ್ಪ ಒರಟು, ಆದರೆ ಮೊಣಕೈ ಮತ್ತು ಮೊಣಕಾಲಿನ ಒಳಮಡಿಕೆಗಳು ಕೆಂಪಾಗಿ, ಕೆರೆದೂ ಕೆರೆದೂ ದಪ್ಪಗಾಗಿವೆ. ರಾತ್ರಿ ನಿದ್ದೆಯಲ್ಲೂ ಕೆರೆದುಕೊಳ್ಳುತ್ತಾಳೆ. ಕೂಸಿದ್ದಾಗ ಗಲ್ಲದ ಮೇಲೆ ಕೆಂಪು ಕೆಂಪಾಗಿ ಒಸರುತ್ತಿತ್ತು ಎಂದು ತಾಯಿ ಹೇಳುತ್ತಾರೆ. ಇದು ಒಮ್ಮೆ ಏಳುತ್ತದೆ, ಒಮ್ಮೆ ಇಳಿಯುತ್ತದೆ. ಚಳಿಗಾಲದಲ್ಲಿ ಜೋರು, ಆದರೆ ಬೇಸಿಗೆಯ ಬೆವರಿಗೂ ಏಳುವುದುಂಟು. ಇದು ಇಸುಬು.

ಮೂರನೆಯವರು ಅದೇ ಮನೆಗೆ ಸೊಸೆಯಾಗಿ ಬಂದ ಚಿಕ್ಕಮ್ಮ. ಅವರಿಗೆ ಕಾರ್ತಿಕದಿಂದ ಶಿವರಾತ್ರಿಯವರೆಗೆ ಕಾಲು ಬೆಳ್ಳಗಾಗಿ ಚುರುಚುರು ಅನ್ನುತ್ತದೆ. ವಾರದ ಮಟ್ಟಿಗೆ ರಾತ್ರಿ ವ್ಯಾಸಲಿನ್ ಹಚ್ಚಿದರೆ ಹೋಗುತ್ತದೆ. ಚಿಕ್ಕಂದಿನಲ್ಲಿ ಅವರಿಗೆ ಹುರುಪೆ ಎಂಬುದೇ ಇರಲಿಲ್ಲ. ಇದು ಬರೀ ಋತುವಿನದು.

ಈಗ ನೀವು ಕೇಳಬೇಕಾದ ಪ್ರಶ್ನೆ: ಒಂದೇ ಮೊಣಕೈ ಮಡಿಕೆ ಅಣ್ಣನಲ್ಲಿ ಚೊಕ್ಕಟ, ತಂಗಿಯಲ್ಲಿ ಕೆಟ್ಟದ್ದು ಯಾಕೆ? ಮಡಿಕೆಯೊಳಗೆ ಚರ್ಮಕ್ಕೆ ಚರ್ಮ ತಾಗಿರುತ್ತದೆ, ಗಾಳಿ ಆಡುವುದಿಲ್ಲ. ಬೆಚ್ಚಗೆ, ಒದ್ದೆಯಾಗಿ ಇರುತ್ತದೆ. ಅಣ್ಣನ ಚರ್ಮಕ್ಕೆ ಬೇಕಾದದ್ದೇ ಆ ತೇವ, ಹಾಗಾಗಿ ಅಲ್ಲಿ ಅದು ಸುಖವಾಗಿದೆ. ತಂಗಿಯ ಚರ್ಮದಲ್ಲಿ ಉರಿಯೂತವಿದೆ, ಅಲ್ಲಿಗೆ ಬೆವರು, ಉಜ್ಜಾಟ ಸೇರಿದರೆ ತುರಿಕೆ ಏಳುತ್ತದೆ. ಅದಕ್ಕೇ ನಾನು ಹೇಳುವುದು, ಕಾಲು ನೋಡಿ ತೀರ್ಪು ಕೊಡಬೇಡಿ. ಕಾಲು ಮೂವರದೂ ಒಣಗಿಯೇ ಇರುತ್ತದೆ. ಮಡಿಕೆ ನೋಡಿ.

ಇನ್ನೊಂದು ಜಾಗ ಅಂಗೈ. ಅಣ್ಣನ ಅಂಗೈ ಬೆಳಕಿಗೆ ಹಿಡಿದರೆ ಗೆರೆಗಳು ಆಳವಾಗಿ, ಒತ್ತೊತ್ತಾಗಿ, ಎಪ್ಪತ್ತು ವರ್ಷದ ಮುದುಕರ ಕೈಯಂತೆ ಕಾಣುತ್ತವೆ. (ಹಸ್ತ ನೋಡುವವರ ಮುಂದೆ ಈ ಕೈ ಚಾಚಿದರೆ ಅವರಿಗೆ ಒಂದು ದಿನ ಸಾಲದು.) ಮಳೆಗಾಲದಲ್ಲಿ ಅವನ ಕಾಲಿನ ಹುರುಪೆ ಬಹಳ ಇಳಿಯುತ್ತದೆ. ಶ್ರಾವಣದಲ್ಲಿ ನೋಡಿದವರು "ಏನೂ ಇಲ್ಲಲ್ಲ, ಥಂಡೀದೇ ಇತ್ತು" ಎಂದು ಮೋಸ ಹೋಗಬಹುದು. ಆದರೆ ಅಂಗೈ ಗೆರೆ ಋತುವಿನ ಜೊತೆ ಬದಲಾಗುವುದಿಲ್ಲ. ಅಂಥ ಕೈ ಚಿಕ್ಕಮ್ಮನಿಗೆ ಇಲ್ಲ, ತಾಯಿಗೆ ಇದೆ. ತಾಯಿಯ ಕಾಲೂ ಬಾರಾ ತಿಂಗಳು ಸ್ವಲ್ಪ ಒರಟೇ. "ನಮ್ಮ ತವರಮನ್ಯಾಗ ಎಲ್ಲಾರದೂ ಹಿಂಗ ಅದರಿ ಸರ್, ನಾವು ಅದನ್ನ ಜಡ್ಡು ಅಂತ ತಿಳದಿಲ್ಲ" ಎಂದು ಅವರು ಹೇಳಿದ್ದು ನನಗೆ ಬಹಳ ಮುಖ್ಯವಾದ ಮಾತು ಅನ್ನಿಸಿತು.

ಯಾವಾಗ ಶುರುವಾಯಿತು ಎಂದೂ ಕೇಳಬೇಕು. ಈ ಬಗೆಯ ಇಕ್ತಿಯೋಸಿಸ್ ಹುಟ್ಟಿದ ದಿನ ಕಾಣುವುದಿಲ್ಲ. ಕೆಲವು ತಿಂಗಳ ಕೂಸಾದಾಗಿನಿಂದ ಐದು ವರ್ಷದೊಳಗೆ ಮೆಲ್ಲಗೆ ಕಾಣಿಸಿಕೊಳ್ಳುತ್ತದೆ. ದೊಡ್ಡವರಾದ ಮೇಲೆ, ಮೊದಲು ಇಲ್ಲದ್ದು ಹೊಸದಾಗಿ ಹುರುಪೆ ಬಂದರೆ ಅದರ ದಾರಿಯೇ ಬೇರೆ. ಒಳಗಿನ ಬೇರೆ ಕಾಯಿಲೆಯ ಗುರುತೂ ಆಗಿರಬಹುದು, ಡಾಕ್ಟರರಿಗೆ ತೋರಿಸಲೇಬೇಕು.

ಇನ್ನು ಒಳಗೆ ಏನಾಗಿದೆ ನೋಡೋಣ. ನಿಮ್ಮ ಚರ್ಮದ ಅತಿ ಮೇಲಿನ ಪದರ ಸತ್ತ ಜೀವಕೋಶಗಳದು. ಕೆಳಗೆ ಹುಟ್ಟಿದ ಕೋಶ ಸುಮಾರು ಒಂದು ತಿಂಗಳು ಮೇಲಕ್ಕೆ ಸರಿಯುತ್ತ ಬಂದು, ಚಪ್ಪಟೆಯಾಗಿ, ಸತ್ತು, ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಉದುರಿಹೋಗುತ್ತದೆ. ಸ್ನಾನದಲ್ಲಿ, ಬಟ್ಟೆಯಲ್ಲಿ, ಹಾಸಿಗೆಯಲ್ಲಿ ನಾವೆಲ್ಲ ದಿನವೂ ಉದುರುತ್ತಲೇ ಇದ್ದೇವೆ. ಈ ಪ್ರಯಾಣದಲ್ಲಿ ಫಿಲಾಗ್ರಿನ್ ಎಂಬ ಪ್ರೋಟೀನು ಎರಡು ಕೆಲಸ ಮಾಡುತ್ತದೆ. ಮೊದಲು ಅದು ಕೋಶದೊಳಗಿನ ಕೆರಾಟಿನ್ ಎಳೆಗಳನ್ನು ಕಂತೆ ಕಟ್ಟಿ ಕೋಶವನ್ನು ಚಪ್ಪಟೆ ಮಾಡುತ್ತದೆ. ಆಮೇಲೆ ತಾನೇ ಒಡೆದು ಸಣ್ಣ ಸಣ್ಣ ತುಂಡುಗಳಾಗುತ್ತದೆ. ಆ ತುಂಡುಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ.

ಆ ನೀರು ಯಾಕೆ ಬೇಕು? ಕೋಶಗಳನ್ನು ಒಂದಕ್ಕೊಂದು ಜೋಡಿಸಿರುವ ಗುಂಡಿಗಳಂಥ ಕೊಂಡಿಗಳಿವೆ. ಉದುರುವ ಮುಂಚೆ ಆ ಕೊಂಡಿಗಳನ್ನು ಕತ್ತರಿಸುವುದು ಕಿಣ್ವಗಳ ಕೆಲಸ. ಕಿಣ್ವಗಳು ನೀರಿಲ್ಲದೆ ಕೆಲಸ ಮಾಡಲಾರವು, ಇದನ್ನು ಪಚನಕ್ರಿಯೆಯ ಪಾಠದಲ್ಲಿ ಓದಿದ್ದೀರಿ. ಅಣ್ಣನಲ್ಲಿ ಫಿಲಾಗ್ರಿನ್ ಕಡಿಮೆ, ಆದ್ದರಿಂದ ನೀರು ಕಡಿಮೆ, ಆದ್ದರಿಂದ ಕೊಂಡಿ ಕಳಚುವುದಿಲ್ಲ. ಒಂದೊಂದಾಗಿ ಉದುರಬೇಕಾದ ಕೋಶಗಳು ಅಂಟಿಕೊಂಡೇ ಉಳಿದು, ಗುಂಪಾಗಿ ಹುರುಪೆಯಾಗಿ ಏಳುತ್ತವೆ. ಅಂದರೆ ಅವನ ಚರ್ಮ ವಿಪರೀತ ಬೆಳೆಯುತ್ತಿದೆ ಅಂತಲ್ಲ, ಹಳೆಯದು ಬಿಟ್ಟುಹೋಗುತ್ತಿಲ್ಲ. ಕೊಳೆಯಂತೂ ಅಲ್ಲವೇ ಅಲ್ಲ. ಚಿಕ್ಕಮ್ಮನ ಫಿಲಾಗ್ರಿನ್ ಸರಿಯಾಗಿದೆ, ಹೊರಗಿನ ಗಾಳಿ ನೀರನ್ನು ಕಸಿಯುತ್ತಿದೆ ಅಷ್ಟೇ. ಗಾಳಿ ಬದಲಾದರೆ ಚರ್ಮವೂ ಬದಲಾಗುತ್ತದೆ.

ಇಲ್ಲಿ ನಿಮಗೊಂದು ಪ್ರಯೋಗ. ಸೊಲ್ಲಾಪುರ ಕಡೆಯ ಮನೆಗಳಲ್ಲಿ ಕಡಕ್ ರೊಟ್ಟಿಗೇನೂ ಬರವಿಲ್ಲ. ಒಂದು ಕಡಕ್ ರೊಟ್ಟಿ ಮುರಿದು ಮೂರು ತುಂಡು ಮಾಡಿ. ಒಂದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಎರಡೂ ಕಡೆ ಶೇಂಗಾ ಎಣ್ಣೆ ಸವರಿ. ಮೂರನೆಯದರ ಮೇಲೆ ನೀರು ಚಿಮುಕಿಸಿ ಒದ್ದೆ ಅರಿವೆಯಲ್ಲಿ ಸುತ್ತಿಡಿ. ಕಾಲು ಗಂಟೆ ಬಿಟ್ಟು ಮೂರನ್ನೂ ಮೆಲ್ಲಗೆ ಬಗ್ಗಿಸಿ. ಎಣ್ಣೆ ಸವರಿದ ತುಂಡು ಮಿಂಚುತ್ತದೆ, ಆದರೆ ಟಪ್ಪನೆ ಮುರಿಯುತ್ತದೆ. ನೀರು ಕುಡಿದದ್ದು ಬಗ್ಗುತ್ತದೆ. 1952ರಲ್ಲಿ ಅಮೆರಿಕದ ಇರ್ವಿನ್ ಬ್ಲ್ಯಾಂಕ್ ಎಂಬ ವಿಜ್ಞಾನಿ ಇದೇ ರೀತಿ ನೋಡಿದ್ದರು, ರೊಟ್ಟಿಯಲ್ಲಿ ಅಲ್ಲ, ಪಾದದ ಗಡಸು ಚರ್ಮದ ಒಣ ತುಂಡುಗಳಲ್ಲಿ. ಎಣ್ಣೆಯಲ್ಲಿಟ್ಟ ತುಂಡು ಗಡಸಾಗಿಯೇ ಉಳಿಯಿತು, ನೀರು ಹೀರಿದ ತುಂಡು ಮೆತ್ತಗಾಯಿತು. ಚರ್ಮವನ್ನು ಮೆದು ಮಾಡುವುದು ನೀರು. ಎಣ್ಣೆ, ಜೆಲ್ಲಿ ಮಾಡುವುದು ಆ ನೀರು ಹಾರಿಹೋಗದಂತೆ ಮುಚ್ಚಳ ಹಾಕುವ ಕೆಲಸ. ನೀರೇ ಇಲ್ಲದ ಗಡಿಗೆಗೆ ಮುಚ್ಚಳ ಹಾಕಿ ಏನು ಬಂತು?

"ಎಣ್ಣಿ ಹಚ್ಚು" ಎಂಬ ಮಾತು ಅರ್ಧ ಮಾತು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಒಣಗಿದ ಕಾಲಿಗೆ ಬೆಳಿಗ್ಗೆ ಎಣ್ಣೆ ಸವರಿಕೊಂಡು ಬಂದ ಹುಡುಗನ ಮೇಲೆ ದಾರಿಯ ಧೂಳೆಲ್ಲ ಅಂಟಿ ಇನ್ನೂ ಕಪ್ಪಗೆ ಕಾಣುತ್ತಾನೆ, ಬೈಗುಳ ಇನ್ನೊಂದು ಸುತ್ತು ಬೀಳುತ್ತದೆ.

ಸರಿಯಾದ ಕ್ರಮ ಹೀಗೆ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕೈಕಾಲು ನೆನೆಯಬೇಕು. ನಮ್ಮಲ್ಲಿ ಬೇಸಿಗೆಗೆ ನೀರಿನ ತೊಂದರೆ ಎಂದು ಗೊತ್ತು, ಆದ್ದರಿಂದ ತೊಟ್ಟಿ ಬೇಕಿಲ್ಲ, ಒದ್ದೆ ಪಂಚೆ ಕಾಲಿಗೆ ಸುತ್ತಿಕೊಂಡು ಕೂತರೂ ಆಗುತ್ತದೆ. ಸೋಪು ಕಂಕುಳು, ತೊಡೆಸಂದಿ, ಪಾದಕ್ಕೆ ಸಾಕು, ಹುರುಪೆಯ ಮೇಲೆ ಬೇಡ. ಟವೆಲಿನಿಂದ ಉಜ್ಜಬಾರದು, ಒತ್ತಿ ಒತ್ತಿ ನೀರಿಳಿಸಬೇಕು. ಚರ್ಮ ಇನ್ನೂ ಹಸಿ ಇರುವಾಗಲೇ, ಮೂರು ನಿಮಿಷದೊಳಗೆ ಮುಲಾಮು ಹಚ್ಚಬೇಕು. ದಿನಕ್ಕೆ ಎರಡು ಸಲ. ಅಣ್ಣನಿಗೆ ಚರ್ಮದ ಡಾಕ್ಟರರು ಕೊಟ್ಟದ್ದು ನೂರಕ್ಕೆ ಹತ್ತು ಭಾಗ ಯೂರಿಯಾ ಇರುವ ಕ್ರೀಮು. ಹೊಲಕ್ಕೆ ಹಾಕುವ ಯೂರಿಯಾ ಮತ್ತು ಇದು ರಾಸಾಯನಿಕವಾಗಿ ಒಂದೇ ವಸ್ತು, ಹಾಗಂತ ಚೀಲದಿಂದ ತೆಗೆದು ಹಚ್ಚಬೇಡಿ ಮತ್ತೆ! ಶುದ್ಧಮಾಡಿ, ಅಳತೆಯಲ್ಲಿ ಸೇರಿಸಿದ ಯೂರಿಯಾ ನೀರನ್ನು ಎಳೆದು ಹಿಡಿಯುತ್ತದೆ, ಹುರುಪೆಯನ್ನೂ ಸಡಿಲಿಸುತ್ತದೆ. ಫಿಲಾಗ್ರಿನ್ ಮಾಡದೆ ಬಿಟ್ಟ ಕೆಲಸದಲ್ಲಿ ಸ್ವಲ್ಪವನ್ನು ಅದು ಹೊರಗಿನಿಂದ ಮಾಡುತ್ತದೆ ಅನ್ನಬಹುದು.

ಈಗ ತಂಗಿಯ ಕಡೆ ನೋಡಿ. ಒಂದೇ ಮನೆ, ಒಂದೇ ಕಪಾಟು. ಅಣ್ಣನ ಕ್ರೀಮನ್ನೇ ಅವಳೂ ಹಚ್ಚಿಕೊಂಡಳು. ಕೆರೆದು ಗಾಯವಾದ ಮಡಿಕೆಗೆ ಯೂರಿಯಾ ತಾಗಿ ಮೆಣಸಿನಕಾಯಿ ಸವರಿದ ಹಾಗೆ ಉರಿಯಿತು, ಅತ್ತಳು. ಅವಳಿಗೆ ಬೇಕಾದದ್ದು ವಾಸನೆ, ಬಣ್ಣ ಇಲ್ಲದ ಬರೀ ಬಿಳಿ ಪೆಟ್ರೋಲಿಯಂ ಜೆಲ್ಲಿ, ಜೊತೆಗೆ ಕೆಂಪೆದ್ದಾಗ ಡಾಕ್ಟರರು ಹೇಳಿದಷ್ಟು ದಿನ ಸ್ಟೆರಾಯ್ಡ್ ಮುಲಾಮು. ಅದು ಉರಿಯೂತವನ್ನು ಇಳಿಸುತ್ತದೆ. ಅದೇ ಸ್ಟೆರಾಯ್ಡ್ ಅಣ್ಣನಿಗೆ ದಂಡ. ಅವನಲ್ಲಿ ಇಳಿಸಲು ಉರಿಯೂತವೇ ಇಲ್ಲ, ಸುಮ್ಮನೆ ಹಚ್ಚುತ್ತ ಹೋದರೆ ಚರ್ಮ ತೆಳುವಾಗುತ್ತದೆ. ಹೆಸರು ಗೊತ್ತುಮಾಡಿಕೊಳ್ಳದೆ ಔಷಧ ಹಚ್ಚಿದರೆ ಆಗುವುದು ಇದು. ಔಷಧದ ಅಂಗಡಿಗೆ ಹೋಗಿ "ಚರ್ಮಕ್ಕ ಏನರ ಕೊಡ್ರಿ" ಎಂದರೆ ಬಹಳ ಸಲ ಕೈಗೆ ಬರುವುದು ಸ್ಟೆರಾಯ್ಡ್, ಶಿಲೀಂಧ್ರದ ಔಷಧ, ಬ್ಯಾಕ್ಟೀರಿಯಾದ ಔಷಧ ಎಲ್ಲ ಕಲಸಿದ ಒಂದು ಸಣ್ಣ ಟ್ಯೂಬು. ಅದು ಈ ಮೂವರಲ್ಲಿ ಯಾರಿಗೂ ಸರಿಯಾದುದಲ್ಲ.

ಸಣ್ಣ ಟ್ಯೂಬಿನದೇ ಇನ್ನೊಂದು ಮೋಸವಿದೆ, ಅದು ಲೆಕ್ಕದ್ದು. ದೊಡ್ಡವರ ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ದೊಡ್ಡವರ ಒಂದು ಕೈಗೆ ಅಂಥ ಮೂರು, ಒಂದು ಕಾಲಿಗೆ ಆರು ಬೇಕು. ಎರಡು ಕೈ, ಎರಡು ಕಾಲಿಗೆ ಹದಿನೆಂಟು, ಅಂದರೆ 9 ಗ್ರಾಂ. ದಿನಕ್ಕೆ ಎರಡು ಸಲವಾದರೆ 18 ಗ್ರಾಂ. ಅಣ್ಣನ ಮೈಕಟ್ಟು ಈಗ ಹೆಚ್ಚುಕಡಿಮೆ ದೊಡ್ಡವರಷ್ಟೇ. 20 ಗ್ರಾಂನ ಟ್ಯೂಬು ಅವನಿಗೆ ಒಂದು ದಿನಕ್ಕೆ! ಜನ ಅದನ್ನು ಒಂದು ತಿಂಗಳು ಬಟ್ಟಿಟ್ಟ ಹಾಗೆ ಹಚ್ಚಿ "ಔಷಧ ನಡೀಲಿಲ್ಲ" ಅನ್ನುತ್ತಾರೆ. ಔಷಧ ನಡೆಯದ್ದಲ್ಲ, ಮೈಗೆ ಮುಟ್ಟಲೇ ಇಲ್ಲ. ಹಾಗಾಗಿ ದುಬಾರಿ ಕ್ರೀಮು ಹುರುಪೆ ಗಟ್ಟಿ ಇರುವ ಕಾಲಿಗೆ, ಉಳಿದ ಕಡೆಗೆ ದೊಡ್ಡ ಡಬ್ಬಿಯ ಅಗ್ಗದ ಜೆಲ್ಲಿ ಎಂದು ಹಂಚಿಕೊಂಡರೆ ಬಡವರ ಮನೆಯಲ್ಲೂ ನಡೆಯುತ್ತದೆ. ಜೆಲ್ಲಿ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ಒಲೆಯ ಮುಂದೆ, ಪಟಾಕಿಯ ಹತ್ತಿರ ಎಚ್ಚರ.

ಕಲ್ಲಿನಿಂದ ತಿಕ್ಕುವುದನ್ನು ಮಾತ್ರ ನಿಲ್ಲಿಸಿ. ತಿಕ್ಕಿದಾಗ ಹುರುಪೆ ಎದ್ದು ಬಂದು ಚೊಕ್ಕಟವಾದ ಹಾಗೆ ಕಾಣುತ್ತದೆ ನಿಜ. ಆದರೆ ಕೊಂಡಿ ಕಳಚದ ಕೋಶಗಳನ್ನು ಕಿತ್ತರೆ ಕೆಳಗಿನದೂ ಸೀಳುತ್ತದೆ, ಸೀಳಿನೊಳಗೆ ಸೋಂಕು ಹೋಗುತ್ತದೆ, ನೀರು ಇನ್ನೂ ಬೇಗ ಹಾರುತ್ತದೆ.

ಅಣ್ಣ ತಂಗಿ ಇಬ್ಬರಿಗೂ ಬೇರೆ ಬೇರೆ ಕಾಯಿಲೆ, ಅದೂ ಒಂದೇ ಮನೆಯಲ್ಲಿ, ಇದು ಕಾಕತಾಳೀಯವೇ ಎಂದು ಕೆಲವರಾದರೂ ಯೋಚಿಸಿರುತ್ತೀರಿ. ಅಲ್ಲ. 2006ರಲ್ಲಿ ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದಲ್ಲಿ ಇರ್ವಿನ್ ಮೆಕ್‌ಲೀನ್ ಅವರ ತಂಡ, ಈ ಸಾಮಾನ್ಯ ಇಕ್ತಿಯೋಸಿಸ್‌ಗೆ ಕಾರಣ ಫಿಲಾಗ್ರಿನ್ ಜೀನಿನಲ್ಲಿನ ದೋಷ ಎಂದು ತೋರಿಸಿತು. ಅದೇ ವರ್ಷ, ಅದೇ ಜೀನಿನ ದೋಷ ಇದ್ದವರಿಗೆ ಇಸುಬು ಬರುವ ಸಾಧ್ಯತೆ ಬಹಳ ಹೆಚ್ಚು ಎಂಬುದನ್ನೂ ತೋರಿಸಿತು. ಗೋಡೆ ಸಡಿಲವಿದ್ದರೆ ಹೊರಗಿನ ಧೂಳು, ಸೋಪು, ಸೂಕ್ಷ್ಮಜೀವಿ ಒಳಗೆ ನುಸುಳಿ ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುತ್ತವೆ. ಹಾಗಂತ ಜೀನಿನ ದೋಷ ಇದ್ದವರಿಗೆಲ್ಲ ಇಸುಬು ಬರುವುದಿಲ್ಲ, ಇಸುಬು ಇದ್ದವರಿಗೆಲ್ಲ ಈ ದೋಷ ಇರುವುದಿಲ್ಲ. ಕೆಲವರಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಹೊರಗೆ ಹುರುಪೆ, ಮಡಿಕೆಯಲ್ಲಿ ಕೆಂಪು. ಆಗ ನಾನು ಹೇಳಿದ ಮಡಿಕೆಯ ಪರೀಕ್ಷೆ ಕೈಕೊಡುತ್ತದೆ. ಅಂಗೈ ನೋಡಬೇಕು, ಮನೆಯವರ ಅಂಗೈಯನ್ನೂ ನೋಡಬೇಕು, ಡಾಕ್ಟರರಿಗೆ ಬಿಡಬೇಕು.

ಹತ್ತನೇ ತರಗತಿಯವರು ಮೆಂಡೆಲನ ಬಟಾಣಿಯನ್ನು ಇಲ್ಲಿಗೆ ತರಬಹುದು, ಸ್ವಲ್ಪ ತಿದ್ದುಪಡಿಯೊಂದಿಗೆ. ಈ ಜೀನಿನ ಒಂದು ಪ್ರತಿ ಕೆಟ್ಟಿದ್ದರೆ ಹಗುರ: ತಾಯಿಯ ಹಾಗೆ ಸ್ವಲ್ಪ ಒರಟು ಕಾಲು, ಅಂಗೈ ಗೆರೆ, ಕೆಲವರಲ್ಲಿ ಅದೂ ಇಲ್ಲ. ಎರಡೂ ಪ್ರತಿ ಕೆಟ್ಟಿದ್ದರೆ ಎದ್ದು ಕಾಣುವ ಹುರುಪೆ. ತಂದೆ ತಾಯಿ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ, ಪ್ರತಿ ಮಗುವಿಗೂ ಎರಡೂ ಕೆಟ್ಟದ್ದು ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು, ಒಂದೇ ಸಿಗುವುದು ನಾಲ್ಕರಲ್ಲಿ ಎರಡು, ಒಂದೂ ಸಿಗದಿರುವುದು ನಾಲ್ಕರಲ್ಲಿ ಒಂದು. ನಮ್ಮ ಕಡೆ ಸೋದರಮಾವನ ಮನೆಗೆ ಹೆಣ್ಣು ಕೊಡುವ ರೂಢಿ ಇದೆ. ಒಂದೇ ಮನೆತನದ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದು ಕೂಡುವ ಸಾಧ್ಯತೆ ಅಂಥ ಮದುವೆಯಲ್ಲಿ ಹೆಚ್ಚು.

ಹುಡುಗರಲ್ಲಷ್ಟೇ ಹೆಚ್ಚಾಗಿ ಕಾಣುವ, ತಾಯಿಯ ಎಕ್ಸ್ ವರ್ಣತಂತುವಿನಿಂದ ಬರುವ ಇನ್ನೊಂದು ಬಗೆಯೂ ಇದೆ. ಅದರಲ್ಲಿ ಹುರುಪೆ ದೊಡ್ಡದು, ಕಂದು ಬಣ್ಣದ್ದು, ಕತ್ತಿನ ಬದಿಗೂ ಬರುತ್ತದೆ. ಕತ್ತು ತೊಳೆಯದವರ ಹಾಗೆ ಕಾಣುತ್ತದೆ. ಪ್ರಾರ್ಥನೆಯ ಸಾಲಿನಲ್ಲಿ ಉಗುರು, ಕೂದಲು, ಕತ್ತು ನೋಡಿ ಸ್ವಚ್ಛತೆಗೆ ಅಂಕ ಕೊಡುವ ಪದ್ಧತಿ ಹಲವು ಶಾಲೆಗಳಲ್ಲಿ ಇದೆ. ಅಲ್ಲಿ ದಿನಾ ಹಿಂದೆ ನಿಲ್ಲುವ ಹುಡುಗ ದಿನಾ ಸ್ನಾನ ಮಾಡಿಯೇ ಬಂದಿರುತ್ತಾನೆ. ಉಗುರು ನೋಡಲಿ, ತಲೆ ನೋಡಲಿ, ಚರ್ಮಕ್ಕೆ ಅಂಕ ಕೊಡುವುದನ್ನು ಶಿಕ್ಷಕರಾದ ನಾವು ಬಿಡಬೇಕು ಎಂಬುದು ನನ್ನ ಖಡಾಖಡಿ ಅಭಿಪ್ರಾಯ.

ನಿಮಗೂ ಒಂದೆರಡು ಮಾತಿವೆ. ಅಣ್ಣನಿಗೆ ತರಗತಿಯಲ್ಲಿ ಇದ್ದ ಹೆಸರು 'ಹಾವು'. ಅವನ ಬೆಂಚಿನಲ್ಲಿ ಮೂವರ ಜಾಗಕ್ಕೆ ಅವನೊಬ್ಬನೇ ಕೂರುತ್ತಿದ್ದ. "ಅಂಟತದರಿ ಸರ್" ಎಂದು ಒಬ್ಬ ನನಗೇ ಹೇಳಿದ. ಅಂಟುವುದು ಕಜ್ಜಿ. ಬೆರಳಿನ ಸಂದಿಯಲ್ಲಿ ಗುಳ್ಳೆ, ರಾತ್ರಿ ಜೋರು ತಿಂಡಿ, ಮನೆಮಂದಿಗೆಲ್ಲ ಒಟ್ಟಿಗೆ ಬರುತ್ತದೆ, ಅದು ಹುಳದಿಂದ ಆಗುವುದು. ಇಕ್ತಿಯೋಸಿಸ್ ಜೀನಿನಿಂದ ಆಗುವುದು. ಅವನ ಅಂಗಿ ತೊಟ್ಟರೂ, ಅವನ ಡಬ್ಬಿಯ ರೊಟ್ಟಿ ತಿಂದರೂ ನಿಮಗೆ ಬರುವ ದಾರಿಯೇ ಇಲ್ಲ. ಇಸುಬೂ ಅಂಟುವುದಿಲ್ಲ.

ಹಾವು ಎಂಬ ಹೆಸರು ಬರೀ ಚೇಷ್ಟೆಯದಾಗಿ ಉಳಿಯುವುದಿಲ್ಲ ಎಂಬುದೂ ನಿಮಗೆ ಗೊತ್ತಿರಲಿ. ನಮ್ಮ ಊರುಗಳಲ್ಲಿ ಇದಕ್ಕೆ ನಾಗದೋಷ ಅನ್ನುವ ಹಿರಿಯರಿದ್ದಾರೆ. ಅಜ್ಜ ಯಾವ ಕಾಲದಲ್ಲೋ ಹೊಲದಲ್ಲಿ ಹಾವು ಹೊಡೆದಿದ್ದ ಎಂದು ಅಜ್ಜನ ಮೇಲೆ, ಬಸುರಿಯಿದ್ದಾಗ ಗ್ರಹಣ ನೋಡಿದಳು ಎಂದು ತಾಯಿಯ ಮೇಲೆ ತಪ್ಪು ಹೋಗುತ್ತದೆ. ಪಂಚಮಿಗೆ ಹಾಲೆರೆಯುವುದು ನಿಮ್ಮ ಮನೆಯ ಭಕ್ತಿ, ಅದರ ತಂಟೆ ನನಗೆ ಬೇಡ. ಆದರೆ ಈ ಹುರುಪೆಗೆ ಯಾರ ಪಾಪವೂ ಕಾರಣವಲ್ಲ. ಅಜ್ಜನಿಂದ ಬಂದದ್ದು ಏನಾದರೂ ಇದ್ದರೆ ಅದು ಒಂದು ಜೀನು, ಅದು ಅವನಿಗೂ ಅವನ ಹಿರಿಯರಿಂದ ಬಂದದ್ದು.

ಇದು ಪೂರ್ತಿ ವಾಸಿಯಾಗುವುದಿಲ್ಲ ಎಂದೂ ನಿಮಗೆ ಹೇಳಬೇಕು, ಯಾಕೆಂದರೆ ವಾಸಿ ಮಾಡುತ್ತೇವೆಂದು ದುಡ್ಡು ಕೀಳುವವರಿದ್ದಾರೆ. ಜೀನು ಬದಲಿಸುವ ಲೇಪ ಯಾವುದೂ ಇಲ್ಲ. ಹಚ್ಚುವುದು ನಿಲ್ಲಿಸಿದರೆ ಹುರುಪೆ ಮರಳುತ್ತದೆ. ಆದರೆ ಈ ಸಾಮಾನ್ಯ ಬಗೆಯಿಂದ ಆಯುಷ್ಯಕ್ಕೆ ಕುಂದಿಲ್ಲ, ಬಹಳ ಜನರಲ್ಲಿ ವಯಸ್ಸಾದಂತೆ ಕಡಿಮೆಯಾಗುತ್ತದೆ. ಆಟದ ಅವಧಿಯ ಬಗ್ಗೆ ಒಂದು ಎಚ್ಚರ: ಹುರುಪೆ ದಪ್ಪ ಇರುವ ಕೆಲವರಿಗೆ ಬೆವರು ಸರಿಯಾಗಿ ಬರುವುದಿಲ್ಲ, ಮೈ ತಂಪಾಗುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಖೋಖೋ ಆಡುವಾಗ "ಸರ್, ಒಲ್ಲೆರಿ, ತಲಿ ತಿರಗತದ" ಎಂದರೆ ಅದು ಕಳ್ಳಾಟವಲ್ಲದಿರಬಹುದು. ನೆರಳಿಗೆ ಕರೆದೊಯ್ದು ಅಂಗಿ ಒದ್ದೆ ಮಾಡಿ, ನೀರು ಕೊಡಿ.

ಅಣ್ಣ ಈಗ ಕಾರ್ತಿಕ ಬರುವ ಹದಿನೈದು ದಿನ ಮುಂಚೆಯೇ ನೆನೆಸಿ ಹಚ್ಚುವುದನ್ನು ಶುರು ಮಾಡುತ್ತಾನೆ, ಹುರುಪೆ ಗಟ್ಟಿಯಾದ ಮೇಲೆ ಇಳಿಸುವುದು ಕಷ್ಟ ಎಂದು ಅವನೇ ಕಂಡುಕೊಂಡಿದ್ದಾನೆ. ಕಳೆದ ಚಳಿಗಾಲದಲ್ಲಿ ಅರ್ಧ ಚಡ್ಡಿ ಹಾಕಿಕೊಂಡು ಕಬಡ್ಡಿಗೆ ಇಳಿದ. ಬೆಂಚಿನಲ್ಲಿ ಈಗ ಅವನ ಪಕ್ಕ ಇಬ್ಬರು ಕೂರುತ್ತಾರೆ, ಅವರಲ್ಲಿ ಒಬ್ಬ ಅಂದು "ಅಂಟತದ" ಅಂದವನೇ.